ಪದ ಪರಿಚಯ: ಕೆಪ್ಯಾಸಿಟೆನ್ಸ್ (ಉಂಡೆಗೂ ಕೊಳವೆಗೂ A/d ಹಾಕುವ ಮುನ್ನ)

ಇಲ್ಲಿ ಡೊಂಬಿವಲಿಯಲ್ಲಿ ಹನ್ನೆರಡನೇ ತರಗತಿ ಮಕ್ಕಳ ಕೈಯಲ್ಲಿ ಓಡಾಡುವ ಕ್ಲಾಸ್ ನೋಟ್ಸ್‌ಗಳಲ್ಲಿ ಒಂದು ಸಾಲು ಪದೇ ಪದೇ ಕಣ್ಣಿಗೆ ಬೀಳುತ್ತದೆ: "ಕೆಪ್ಯಾಸಿಟೆನ್ಸ್ ಎಂದರೆ ε₀A/d." ಮೊನ್ನೆ ಒಂದು ಉತ್ತರಪತ್ರಿಕೆಯಲ್ಲಿ ಟಿವಿ ಕೇಬಲ್ ಲೆಕ್ಕಕ್ಕೂ ಇದನ್ನೇ ಹಾಕಿದ್ದರು. ಅದನ್ನು ನೋಡಿ ಸುಮ್ನೆ ಇರಲು ಆಗಲಿಲ್ಲ.

ಕೆಪ್ಯಾಸಿಟೆನ್ಸ್ ಎಂದರೆ Q/V. ಒಂದು ವಾಹಕದ ಮೇಲೆ +Q, ಇನ್ನೊಂದರ ಮೇಲೆ −Q ಇಟ್ಟಾಗ ನಡುವೆ V ವೋಲ್ಟೇಜ್ ಹುಟ್ಟಿದರೆ, ಆ ಎರಡರ ಅನುಪಾತವೇ C. ಅಷ್ಟೇ. A/d ಎಂಬುದು A ವಿಸ್ತೀರ್ಣದ ಎರಡು ಚಪ್ಪಟೆ ತಗಡುಗಳು d ದೂರದಲ್ಲಿ ಎದುರುಬದುರಾಗಿದ್ದಾಗ ಮಾತ್ರ ಬರುವ ಉತ್ತರ. ಅಲ್ಲಿ ವಿದ್ಯುತ್ ಕ್ಷೇತ್ರ ಎಲ್ಲ ಕಡೆ ಒಂದೇ ಸಮ. ಹಾಗಾಗಿ E ಅನ್ನು d ಯಿಂದ ಗುಣಿಸಿದರೆ V ಸಿಗುತ್ತದೆ. ಉಂಡೆಯಲ್ಲೂ ಕೊಳವೆಯಲ್ಲೂ ಕ್ಷೇತ್ರ ಹಾಗಿರುವುದಿಲ್ಲ. ಒಳಗಿನ ವಾಹಕದ ಹತ್ತಿರ ಜೋರಾಗಿರುತ್ತದೆ, ಹೊರಗೆ ಹೋದಂತೆ ಇಳಿಯುತ್ತದೆ. ಹಾಗಾಗಿ ಗುಣಾಕಾರ ಸಾಲದು, ಇಂಟಿಗ್ರೇಟ್ ಮಾಡಲೇಬೇಕು.

ಮೊದಲು ಉಂಡೆ. ಒಳಗಿನದರ ತ್ರಿಜ್ಯ a, ಹೊರಗಿನ ಚಿಪ್ಪಿನ ಒಳಮೈಯ ತ್ರಿಜ್ಯ b. ನಡುವೆ r ತ್ರಿಜ್ಯದ ಒಂದು ಗೋಳ ಊಹಿಸಿಕೊಂಡು ಗೌಸ್ ನಿಯಮ ಹಚ್ಚಿ. ಆ ಗೋಳದೊಳಗೆ ಇರುವುದು ಒಳಗಿನ Q ಮಾತ್ರ. ಹೊರಚಿಪ್ಪಿನ −Q ಕ್ಷೇತ್ರಕ್ಕೆ ಏನನ್ನೂ ಸೇರಿಸುವುದಿಲ್ಲ, ಏಕೆಂದರೆ ಸಮನಾಗಿ ಹರಡಿದ ಚಿಪ್ಪಿನ ಚಾರ್ಜ್ ತನ್ನೊಳಗಿನ ಜಾಗದಲ್ಲಿ ಕ್ಷೇತ್ರ ಹುಟ್ಟಿಸುವುದಿಲ್ಲ. "ಎರಡು ಪ್ಲೇಟ್ ಇದೆಯಲ್ಲಾ, ಎರಡರ ಕ್ಷೇತ್ರವನ್ನೂ ಕೂಡಿಸಬೇಕಲ್ವಾ" ಎಂದು ಎರಡರಿಂದ ಗುಣಿಸುವವರು ಎಡವುವುದು ಇಲ್ಲೇ.

```
E = Q / (4πε₀ r²)
V = ∫ E dr  (a ಯಿಂದ b ವರೆಗೆ)
  = (Q / 4πε₀) (1/a − 1/b)
C = Q/V = 4πε₀ ab / (b − a)
```

Q ಹೊಡೆದುಹೋಯಿತು. ಉಳಿದದ್ದು ಆಕಾರ, ಅಳತೆ ಮಾತ್ರ. ಕೊನೆಯಲ್ಲಿ Q ಉಳಿದಿದ್ದರೆ ಎಲ್ಲೋ ತಪ್ಪಿದೆ ಎಂದೇ ಅರ್ಥ. ಉತ್ತರ ಮೈನಸ್ ಬಂದಿದ್ದರೆ ಇಂಟಿಗ್ರಲ್‌ನ ತುದಿಗಳು ಅದಲುಬದಲಾಗಿವೆ.

1837ರಲ್ಲಿ ಫ್ಯಾರಡೆ ಇಂಥದೇ ಹಿತ್ತಾಳೆ ಗೋಳಗಳ ಜೋಡಿ ಇಟ್ಟುಕೊಂಡು, ನಡುವಿನ ವಸ್ತು ಬದಲಿಸಿದರೆ ಏನಾಗುತ್ತದೆ ಎಂದು ನೋಡಿದ. ಒಳಗಿನ ಉಂಡೆಯ ವ್ಯಾಸ 2.33 ಇಂಚು, ಹೊರಗಿನದರ ಒಳವ್ಯಾಸ 3.57 ಇಂಚು. ಅಂದರೆ a ಸುಮಾರು 29.6 ಮಿ.ಮೀ., b ಸುಮಾರು 45.3 ಮಿ.ಮೀ. ಮೇಲಿನ ಸೂತ್ರಕ್ಕೆ ಹಾಕಿದರೆ, ನಡುವೆ ಗಾಳಿ ಇದ್ದಾಗ C ಸುಮಾರು 9.5 ಪಿಕೊಫ್ಯಾರಡ್.

b ಯನ್ನು ಬಹಳ ದೂರಕ್ಕೆ ಒಯ್ದರೆ 1/b ಸೊನ್ನೆಯಾಗಿ C = 4πε₀a ಉಳಿಯುತ್ತದೆ. ಅಂದರೆ ಒಂಟಿ ಉಂಡೆಗೂ ಕೆಪ್ಯಾಸಿಟೆನ್ಸ್ ಇದೆ. ಇಡೀ ಭೂಮಿಗೆ ಹೀಗೆ ಲೆಕ್ಕ ಹಾಕಿದರೆ ಸುಮಾರು 709 ಮೈಕ್ರೊಫ್ಯಾರಡ್ ಬರುತ್ತದೆ. ಅಷ್ಟು ದೊಡ್ಡ ಉಂಡೆಗೆ ಇಷ್ಟೇನಾ ಎನಿಸುತ್ತದೆ, ಆದರೆ ಅದು ನಿಜ.

ಈಗ ಕೊಳವೆ. ಕ್ರಮ ಅದೇ, ಗೋಳದ ಬದಲು ಸಿಲಿಂಡರ್ ಊಹಿಸಿಕೊಳ್ಳಿ. ಉದ್ದ L, ಒಳತಂತಿಯ ತ್ರಿಜ್ಯ a, ಹೊರಜಾಲರಿಯದು b.

```
E = Q / (2πε₀ L r)
V = (Q / 2πε₀ L) ln(b/a)
C/L = 2πε₀ / ln(b/a)
```

ಕ್ಷೇತ್ರ 1/r² ಬದಲು 1/r ಆಗಿ ಇಳಿಯುವುದರಿಂದ ಲಾಗ್ ಬಂತು. ಇಲ್ಲಿ b ಯನ್ನು ಅನಂತಕ್ಕೆ ಒಯ್ದರೆ ln ಕೂಡ ಅನಂತಕ್ಕೆ ಹೋಗುತ್ತದೆ, C/L ಸೊನ್ನೆಯಾಗುತ್ತದೆ. ಒಂಟಿ ಉಂಡೆಗೆ ಸಿಕ್ಕ ಉತ್ತರದಂಥದು ಅನಂತ ಉದ್ದದ ಒಂಟಿ ತಂತಿಗೆ ಸಿಗುವುದಿಲ್ಲ. ಇನ್ನೊಂದು ಮಿತಿಯೂ ಇದೆ. ತುದಿಗಳಲ್ಲಿ ಕ್ಷೇತ್ರ ಹೊರಗೆ ಬಾಗುತ್ತದೆ, ಅದನ್ನು ನಾವು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. L ಎಂಬುದು ನಡುವಿನ ಸಂದಿಗಿಂತ ತುಂಬಾ ಜಾಸ್ತಿ ಇದ್ದರೆ ಮಾತ್ರ ಈ ಸೂತ್ರ ನಂಬಬಹುದು.

ಇನ್ನು ಆ ಉತ್ತರಪತ್ರಿಕೆಯ ವಿಷಯ. ನಮ್ಮ ಬಿಲ್ಡಿಂಗ್‌ಗಳ ಟೆರೇಸಿನಿಂದ ಇಳಿಬಿಟ್ಟಿರುವ ಡಿಶ್ ಕೇಬಲ್ ಸಾಮಾನ್ಯವಾಗಿ RG-6. ಒಳತಂತಿಯ ವ್ಯಾಸ 1.02 ಮಿ.ಮೀ., ಅದರ ಸುತ್ತ ಬಿಳಿ ಫೋಮ್ 4.57 ಮಿ.ಮೀ. ವ್ಯಾಸದವರೆಗೆ. ನಡುವೆ ಫೋಮ್ ಇರುವುದರಿಂದ ಸೂತ್ರದ ε₀ ಅನ್ನು ಅದರ εᵣ ಯಿಂದ ಗುಣಿಸಬೇಕು, ಅದು ಸುಮಾರು 1.45 ಎಂದಿಟ್ಟುಕೊಳ್ಳಿ. b/a = 4.48, ಅದರ ln ಸರಿಸುಮಾರು 1.5. ಹಾಗಾದರೆ ಮೀಟರಿಗೆ ಸುಮಾರು 54 ಪಿಕೊಫ್ಯಾರಡ್. ಕೇಬಲ್ ಕಂಪನಿಗಳ ಡೇಟಾಶೀಟ್‌ಗಳಲ್ಲೂ ಇದರ ಆಸುಪಾಸಿನ ಅಂಕಿಯೇ ಇರುತ್ತದೆ.

A/d ಹಾಕಿದರೆ? ಯಾವ A? ಒಳತಂತಿಯ ಮೈ ಹಿಡಿದರೆ ಮೀಟರಿಗೆ 23 ಬರುತ್ತದೆ. ಹೊರಜಾಲರಿಯ ಮೈ ಹಿಡಿದರೆ 104. "ಸರಾಸರಿ ತೆಗೆದುಕೊಳ್ಳೋಣ" ಎಂದರೂ 63.5. ಮೂರೂ ತಪ್ಪು, ಮತ್ತೆ ಮೂರಕ್ಕೂ ಒಂದೇ ಕಾರಣ. ಒಳತಂತಿಯ ಮೈ ಹತ್ತಿರ ಕ್ಷೇತ್ರ ಹೊರಜಾಲರಿಯ ಹತ್ತಿರ ಇರುವುದಕ್ಕಿಂತ ಸುಮಾರು ನಾಲ್ಕೂವರೆ ಪಟ್ಟು ಜೋರಾಗಿದೆ. ಅರ್ಧ ವೋಲ್ಟೇಜ್ √(ab) ತ್ರಿಜ್ಯ ಮುಟ್ಟುವಷ್ಟರಲ್ಲೇ ಕಳೆದುಹೋಗುತ್ತದೆ. ಅದು ಒಳತಂತಿಯಿಂದ 0.57 ಮಿ.ಮೀ. ದೂರ. ನಡುವಿನ ಸಂದಿಯೋ ಸುಮಾರು 1.8 ಮಿ.ಮೀ. ಅಂದರೆ ಮೂರನೇ ಒಂದು ಭಾಗ ದಾಟುವುದರೊಳಗೆ ಅರ್ಧ ಕೆಲಸ ಮುಗಿದಿರುತ್ತದೆ. ಇದನ್ನು ಯಾವ ಸರಾಸರಿಯೂ ತಾನಾಗಿ ಹೇಳುವುದಿಲ್ಲ, ಇಂಟಿಗ್ರಲ್ ಮಾತ್ರ ಹೇಳುತ್ತದೆ.

ಆದರೂ A/d ರೂಪವೇ ಬೇಕು ಎನ್ನುವವರಿಗೆ ಒಂದು ಚಂದದ ವಿಷಯ ಇದೆ. ಉಂಡೆಯ ಸೂತ್ರದಲ್ಲಿ A ಜಾಗಕ್ಕೆ 4πab ಕೂರುತ್ತದೆ. ಅದು ಎರಡು ಮೈಗಳ ವಿಸ್ತೀರ್ಣಗಳ ಗುಣೋತ್ತರ ಸರಾಸರಿ, ಚೂರೂ ವ್ಯತ್ಯಾಸವಿಲ್ಲದೆ ಸರಿಹೊಂದುತ್ತದೆ. ಕೊಳವೆಗೆ ಆ ಸರಾಸರಿಯೂ ನಡೆಯದು. ಅಲ್ಲಿ ತ್ರಿಜ್ಯದ ಜಾಗಕ್ಕೆ (b − a)/ln(b/a) ಬೇಕು. ಯಾವ ಸರಾಸರಿ ಬೇಕು ಎಂಬುದು ಗೊತ್ತಾಗುವುದೇ ಇಂಟಿಗ್ರೇಟ್ ಮಾಡಿದ ಮೇಲೆ. ಸಂದಿ ತೀರಾ ಕಿರಿದಾಗಿದ್ದಾಗ ಮಾತ್ರ ಈ ಜಗಳ ಇಲ್ಲ. b ಯು a ಗಿಂತ ನೂರಕ್ಕೆ ಒಂದರಷ್ಟೇ ದೊಡ್ಡದಿದ್ದರೆ, ಒಳಮೈಯ ವಿಸ್ತೀರ್ಣ ಹಾಕಿದಾಗ ಕೊಳವೆಯಲ್ಲಿ ಅರ್ಧ ಪರ್ಸೆಂಟ್, ಉಂಡೆಯಲ್ಲಿ ಒಂದು ಪರ್ಸೆಂಟ್ ಮಾತ್ರ ತಪ್ಪುತ್ತದೆ.

ಸೂತ್ರ ನಿಜವಾ ಎಂದು ಮನೆಯಲ್ಲೇ ನೋಡಬಹುದು. ಕೆಪ್ಯಾಸಿಟೆನ್ಸ್ ಅಳೆಯುವ ಮಲ್ಟಿಮೀಟರ್ ಒಂದಿದ್ದರೆ ಸಾಕು. ಕೇಬಲ್‌ನ ಎರಡೂ ತುದಿ ಬಿಚ್ಚಿ, ಡಿಶ್‌ನಿಂದಲೂ ಬಾಕ್ಸ್‌ನಿಂದಲೂ ಬೇರೆ ಮಾಡಿ. ಒಂದು ತುದಿಯಲ್ಲಿ ಒಳತಂತಿಗೂ ಜಾಲರಿಗೂ ಪ್ರೋಬ್ ಹಿಡಿಯಿರಿ. 20 ಮೀಟರ್ ಕೇಬಲ್ ಸುಮಾರು 1.1 ನ್ಯಾನೊಫ್ಯಾರಡ್ ತೋರಿಸಬೇಕು. ಪ್ರೋಬ್‌ಗಳದ್ದೇ ಒಂದಷ್ಟು ಪಿಕೊಫ್ಯಾರಡ್ ಇರುತ್ತದೆ, ಮೊದಲೇ ಅದನ್ನು ನೋಡಿಟ್ಟುಕೊಂಡು ಕಳೆಯಿರಿ. ಅದೇ ಕೇಬಲ್ 0.4 ನ್ಯಾನೊಫ್ಯಾರಡ್ ಮಾತ್ರ ತೋರಿಸಿದರೆ ಒಳತಂತಿ ಎಲ್ಲೋ ತುಂಡಾಗಿದೆ. 400 ಅನ್ನು 54 ರಿಂದ ಭಾಗಿಸಿ: ನೀವು ನಿಂತ ತುದಿಯಿಂದ ಸುಮಾರು ಏಳೂವರೆ ಮೀಟರ್ ದೂರದಲ್ಲಿ. ಇನ್ನೊಂದು ತುದಿಯಿಂದಲೂ ಅಳೆದು ನೋಡಿ. ಎರಡೂ ಉದ್ದ ಕೂಡಿ ಇಪ್ಪತ್ತರ ಹತ್ತಿರ ಬಂದರೆ ಮುರಿದಿರುವುದು ಒಂದೇ ಕಡೆ. ಕಡಿಮೆ ಬಂದರೆ ನಡುವೆ ಇನ್ನೊಂದು ತುಂಡಿದೆ.