ಹತ್ತಕ್ಕೊಂದು ಲೆಕ್ಕ ಎಲ್ಲಿ ಎಡವುತ್ತದೆ?

ಬೆಳಗಾವಿಯ ಉದ್ಯಮಬಾಗ್‌ನ ಒಂದು ಮಷೀನ್ ಶಾಪಿಗೆ ಫೌಂಡ್ರಿಯಿಂದ ಟೆಂಪೋ ಬಂತು ಅಂದುಕೊಳ್ಳಿ. ಚಲನ್‌ನಲ್ಲಿ 500 ಕಾಸ್ಟಿಂಗ್. ಎಷ್ಟು ಚೆಕ್ ಮಾಡಬೇಕು? ಹಳೇ ರೂಢಿ ಹತ್ತಕ್ಕೊಂದು. ಒಂದೂ ಕೆಟ್ಟದ್ದು ಸಿಗದಿದ್ದರೆ ಒಳಗೆ.

ಈ ರೂಢಿ ಸಣ್ಣ ಲಾಟ್‌ನಲ್ಲಿ ಮೋಸ ಹೋಗುತ್ತದೆ. 50 ಪೀಸಿನಲ್ಲಿ 2 ಕೆಟ್ಟಿವೆ, ನಾವು 5 ನೋಡುತ್ತೇವೆ. ನೂರು ಸಲದಲ್ಲಿ ಸುಮಾರು 81 ಸಲ ಲಾಟ್ ಪಾಸ್! ಅದೇ 500ರಲ್ಲಿ 20 ಕೆಟ್ಟಿದ್ದು, 50 ನೋಡಿದರೆ ಪಾಸಾಗುವುದು ಸುಮಾರು 12 ಸಲ ಮಾತ್ರ. ಕೆಡುಕಿನ ಪ್ರಮಾಣ ಎರಡರಲ್ಲೂ ಒಂದೇ ಅಲ್ವಾ? ಕಾಪಾಡುವುದು ಸ್ಯಾಂಪಲ್ಲಿನ ಸಂಖ್ಯೆ, ಶೇಕಡಾವಾರು ಅಲ್ಲ.

ಇದನ್ನು ಲೆಕ್ಕ ಹಾಕಿ ಕೋಷ್ಟಕ ಮಾಡಿದವರು ಅಮೆರಿಕದ ಬೆಲ್ ಲ್ಯಾಬ್ಸ್‌ನ ಹೆರಾಲ್ಡ್ ಡಾಡ್ಜ್ ಮತ್ತು ಹ್ಯಾರಿ ರೋಮಿಗ್. ಟೆಲಿಫೋನ್ ಭಾಗಗಳಿಗಾಗಿ 1920ರ ದಶಕದಲ್ಲಿ ಶುರುವಾದ ಕೆಲಸ ಅದು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಇಂಥದ್ದೇ ಕೋಷ್ಟಕಗಳನ್ನು ಬಳಸಿತು. ಮುಂದೆ ಅದು ಐಎಸ್‌ಒ 2859 ಆಯಿತು, ನಮ್ಮಲ್ಲಿ ಐಎಸ್ 2500.

ಆ ಕೋಷ್ಟಕದ ಸಾಮಾನ್ಯ ಎರಡನೇ ಹಂತದಲ್ಲಿ 281ರಿಂದ 500ರ ಲಾಟಿಗೆ 50 ಸ್ಯಾಂಪಲ್. ಒಪ್ಪಿಗೆ ಮಟ್ಟ, ಅಂದರೆ ಎಕ್ಯೂಎಲ್, 1 ಇದ್ದರೆ ಒಂದು ಕೆಟ್ಟದ್ದಕ್ಕೆ ಪಾಸ್, ಎರಡಕ್ಕೆ ರಿಜೆಕ್ಟ್. ಆದರೆ ‘1’ ನೋಡಿ ನೂರಕ್ಕೊಂದೇ ಕೆಟ್ಟದ್ದು ಒಳಗೆ ಬರುತ್ತದೆ ಅಂದುಕೊಳ್ಳಬೇಡಿ. 500ರಲ್ಲಿ 20 ಕೆಟ್ಟಿದ್ದರೂ ಲಾಟ್ ನೂರರಲ್ಲಿ ಸುಮಾರು 39 ಸಲ ಪಾಸಾಗುತ್ತದೆ. ಒಳ್ಳೆ ಸಪ್ಲೈಯರ್‌ಗೆ ಅನ್ಯಾಯ ಆಗಬಾರದು ಎಂಬುದೇ ಈ ಅಂಕಿಯ ಮುಖ್ಯ ಚಿಂತೆ. ಹಾಗಾಗಿ ಪ್ರಾಣಕ್ಕೆ ಕುತ್ತು ತರುವ ದೋಷಕ್ಕೆ ಇದನ್ನು ನಂಬಿ ಕೂರಬಾರದು.

ಲೆಕ್ಕ ಸರಿ ಇದ್ದರೂ ಆರಿಸುವ ಕೈ ತಪ್ಪಬಹುದು. ಕ್ರೇಟಿನ ಮೇಲಿನ ಸಾಲಿನಿಂದಲೇ 50 ಎತ್ತಿದರೆ ಅದು ಸ್ಯಾಂಪಲ್ ಅಲ್ಲ. ತಳದಿಂದಲೂ ಎತ್ತಿ. ಅದಕ್ಕೂ ಮೊದಲು ಕಾಸ್ಟಿಂಗ್ ಮೇಲಿನ ಹೀಟ್ ನಂಬರನ್ನು, ಅಂದರೆ ಒಂದೇ ಸಲ ಕರಗಿಸಿದ ಲೋಹದ ಗುರುತನ್ನು, ಟೆಸ್ಟ್ ಸರ್ಟಿಫಿಕೇಟಿನ ಜೊತೆ ತಾಳೆ ನೋಡಿ. ಎರಡು ಹೀಟ್ ಬೆರೆತಿದ್ದರೆ ಅವು ಎರಡು ಲಾಟ್, ಎರಡು ಸ್ಯಾಂಪಲ್. ಒಳಗಿನ ಬ್ಲೋಹೋಲ್ ಕಣ್ಣಿಗೆ ಬೀಳುವುದಿಲ್ಲ. ಮೊದಲ ಕೆಲವನ್ನು ಮಷೀನ್ ಮಾಡಿದ ಮೇಲೇ ಗೊತ್ತಾಗುತ್ತದೆ.

ಎರಡು ಕೆಟ್ಟದ್ದು ಸಿಕ್ಕವು ಅನ್ನಿ. ಆಗ ಆ ಎರಡನ್ನು ಮಾತ್ರ ಬದಿಗಿಟ್ಟು ಉಳಿದ 498 ಸ್ಟೋರಿಗೆ ಕಳಿಸುವುದು ದೊಡ್ಡ ತಪ್ಪು. ಇಡೀ ಲಾಟಿಗೆ ಕೆಂಪು ಟ್ಯಾಗ್, ಬೀಗ ಹಾಕಿದ ಜಾಗ, ದೋಷದ ಫೋಟೋ ಜೊತೆ ರಿಜೆಕ್ಷನ್ ನೋಟ್. ಪ್ರತಿ ಪೀಸನ್ನೂ ನೋಡಿ ಬೇರ್ಪಡಿಸುವುದು ಸಪ್ಲೈಯರ್ ಕೆಲಸ. ಅವರು ಮರಳಿ ತಂದಾಗ ಹಳೇ ಲಾಟ್ ಎಂದೇ ದಾಖಲಿಸಿ, ಹೊಸದಾಗಿ ಸ್ಯಾಂಪಲ್ ತೆಗೆಯಿರಿ.

ಮೊದಲ ಸಲಕ್ಕೆ ಬಂದ ಸತತ 5 ಅಥವಾ ಅದಕ್ಕಿಂತ ಕಡಿಮೆ ಲಾಟ್‌ಗಳಲ್ಲಿ 2 ರಿಜೆಕ್ಟ್ ಆದರೆ ಬಿಗಿ ತಪಾಸಣೆ ಶುರು. ಮತ್ತೆ ಸತತ 5 ಪಾಸಾದ ಮೇಲೆ ಸಾಮಾನ್ಯಕ್ಕೆ ವಾಪಸ್. ಮರಳಿ ತಂದ ಲಾಟ್ ಈ ಎಣಿಕೆಗೆ ಸೇರುವುದಿಲ್ಲ.