ಎಡಿಟ್ ಆಮೇಲೆ, ಮೊದಲು ಒರಿಜಿನಲ್ ಎತ್ತಿಡಿ

ಹೊಸ ಬ್ಯಾಚ್ ಬಂದಾಗ, ಸಾಫ್ಟ್‌ವೇರ್ ತೆರೆಯುವ ಮೊದಲೇ ನಾನು ಈ ಒಂದು ವಿಷಯ ಮಾತಾಡಿ ಮುಗಿಸುತ್ತೇನೆ. ಎಲ್ಲರೂ ತಲೆಯಾಡಿಸುತ್ತಾರೆ. ಮೊದಲ ಅಸೈನ್‌ಮೆಂಟ್ ಬಂದಾಗ "ಒರಿಜಿನಲ್ ಫೋಟೋ ಎಲ್ಲಿ?" ಅಂತ ಕೇಳಿದರೆ, ಎಡಿಟ್ ಆದ ಫೈಲನ್ನೇ ತೆರೆದು ತೋರಿಸುತ್ತಾರೆ. "ಇದೇ ಮೇಡಂ ಒರಿಜಿನಲ್. ಇದರಲ್ಲೇ ಸ್ವಲ್ಪ ಬ್ರೈಟ್ ಮಾಡಿದ್ದೀನಿ ಅಷ್ಟೆ."

ಆ "ಇದರಲ್ಲೇ" ಅನ್ನುವ ಕಡೆಯೇ ತೊಂದರೆ ಇರುವುದು. ಫೈಲಿನ ಹೆಸರು ಅದೇ, ಇರುವ ಫೋಲ್ಡರ್ ಅದೇ, ಚಿತ್ರವೂ ನೋಡುವುದಕ್ಕೆ ಅದೇ. ಹಾಗಾಗಿ ಒರಿಜಿನಲ್ ಇನ್ನೂ ಒಳಗೆಲ್ಲೋ ಇದೆ, ಬೇಕಾದಾಗ ಹೊರಗೆ ತೆಗೆಯಬಹುದು ಅಂತ ಅವರು ನಿಜವಾಗಿ ನಂಬಿರುತ್ತಾರೆ. ಆದರೆ ಜೆಪೆಗ್ ಫೈಲಿಗೆ ನೆನಪಿಲ್ಲ. `Save` ಒತ್ತಿದ ಕ್ಷಣದಲ್ಲಿ ಪರದೆಯ ಮೇಲೆ ಏನಿತ್ತೋ ಅದಷ್ಟೇ ಅದರಲ್ಲಿ ಉಳಿಯುತ್ತದೆ. `Ctrl+Z` ಕೆಲಸ ಮಾಡುವುದು ಫೈಲ್ ತೆರೆದಿರುವವರೆಗೆ ಮಾತ್ರ. ಮುಚ್ಚಿ ಮತ್ತೆ ತೆರೆದರೆ ಹಿಂದಕ್ಕೆ ಹೋಗುವ ದಾರಿ ಇಲ್ಲ.

ಒಬ್ಬ ವಿದ್ಯಾರ್ಥಿನಿಯ ಕೆಲಸವನ್ನೇ ತೆಗೆದುಕೊಳ್ಳೋಣ. ಬಹಳ ಶ್ರದ್ಧೆಯ ಹುಡುಗಿ. ಕುಂಬಾರಿಕೆಯ ಪ್ರದರ್ಶನಕ್ಕೆಂದು ಒಂದು ಹೂಜಿಯ ಫೋಟೋ ತೆಗೆದಳು. ಮೇಲೆ ಬಿಳಿ ಹೊಳಪಿನ ಲೇಪ, ಕೆಳಗೆ ಒರಟು ಮಣ್ಣು. ಪಕ್ಕದ ಕಿಟಕಿಯ ಬೆಳಕು ಚೆನ್ನಾಗಿ ಬಿದ್ದಿತ್ತು. ಕ್ಯಾಮೆರಾ ಕೊಟ್ಟ ಫೋಟೋ 6000×4000 ಪಿಕ್ಸೆಲ್, ಅಂದರೆ 2.4 ಕೋಟಿ ಚುಕ್ಕೆಗಳು. ಮೊದಲು ಬೇಕಾಗಿದ್ದು ಇನ್‌ಸ್ಟಾಗ್ರಾಂ ಪೋಸ್ಟ್. ಚೌಕವಾಗಿ ಕ್ರಾಪ್ ಮಾಡಿ, 1080×1080ಕ್ಕೆ ಇಳಿಸಿ, ಸ್ವಲ್ಪ ಬೆಳಕು ಹೆಚ್ಚಿಸಿ, ಅದೇ ಹೆಸರಲ್ಲಿ ಸೇವ್ ಮಾಡಿದಳು. ಪೋಸ್ಟ್ ಚೆನ್ನಾಗಿಯೇ ಬಂತು. ಕಾರ್ಡ್ ಖಾಲಿ ಮಾಡಿ ಬೇರೆ ಶೂಟಿಂಗಿಗೆ ಬಳಸಿದಳು. ಆಮೇಲೆ ಪ್ರದರ್ಶನದವರು ಅದೇ ಚಿತ್ರ ಎ3 ಪೋಸ್ಟರ್‌ನ ಪೂರ್ತಿ ಅಗಲಕ್ಕೆ ಬೇಕು ಅಂದರು.

ಎ3 ಹಾಳೆಯ ಅಗಲ 29.7 ಸೆಂ.ಮೀ., ಸುಮಾರು 11.7 ಇಂಚು. ಕೈಯಲ್ಲಿ ಹಿಡಿದು ಹತ್ತಿರದಿಂದ ನೋಡುವ ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ಅನ್ನುವುದು ವಾಡಿಕೆ. ಗೋಡೆಯ ಪೋಸ್ಟರನ್ನು ದೂರದಿಂದ ನೋಡುವುದರಿಂದ 200ರ ಆಸುಪಾಸಿನಲ್ಲೂ ನಡೆಯುತ್ತದೆ. ಮೂಲ ಫೋಟೋದ ಚೌಕ ಭಾಗ 4000 ಪಿಕ್ಸೆಲ್ ಅಗಲ ಇತ್ತು. ಅದನ್ನು 11.7 ಇಂಚಿಗೆ ಹರಡಿದರೆ ಇಂಚಿಗೆ ಸುಮಾರು 340 ಸಿಗುತ್ತದೆ. ಬೇಕಾದ್ದಕ್ಕಿಂತ ಜಾಸ್ತಿ. ಅವಳ ಕೈಯಲ್ಲಿ ಉಳಿದಿದ್ದ 1080ನ್ನು ಹರಡಿದರೆ ಇಂಚಿಗೆ 92. ಒಟ್ಟು ಲೆಕ್ಕ ಹಾಕಿದರೆ ಕ್ಯಾಮೆರಾ ಕೊಟ್ಟಿದ್ದರಲ್ಲಿ ಇಪ್ಪತ್ತರಲ್ಲಿ ಒಂದು ಪಾಲೂ ಉಳಿದಿರಲಿಲ್ಲ.

ಈ ಹಂತದಲ್ಲಿ ಎಲ್ಲರೂ ಮಾಡುವ ಕೆಲಸವನ್ನೇ ಅವಳೂ ಮಾಡಿದಳು. ಫೋಟೋಶಾಪ್‌ನಲ್ಲಿ `Image Size` ತೆರೆದು, ಇಂಚಿಗೆ 72 ಪಿಕ್ಸೆಲ್ ಅಂತ ಇದ್ದ ಕಡೆ 300 ಅಂತ ಟೈಪ್ ಮಾಡಿದಳು. "ಈಗ ಹೈ ರೆಸಲ್ಯೂಷನ್ ಆಯ್ತಲ್ವಾ ಮೇಡಂ?" ಇಲ್ಲ. ಇದನ್ನು ನಿಧಾನವಾಗಿ ಕೇಳಿಸಿಕೊಳ್ಳಿ, ಏಕೆಂದರೆ ಕೊನೆಯ ವರ್ಷದವರೂ ಇಲ್ಲೇ ಎಡವುತ್ತಾರೆ. ಆ ಕಿಟಕಿಯಲ್ಲಿ `Resample` ಅನ್ನುವ ಒಂದು ಟಿಕ್ ಇದೆ. ಅದನ್ನು ತೆಗೆದು 300 ಹಾಕಿದರೆ ಪಿಕ್ಸೆಲ್ ಒಂದೂ ಹೆಚ್ಚುವುದಿಲ್ಲ, ಅದೇ 1080 ಚುಕ್ಕೆಗಳು ಒತ್ತೊತ್ತಾಗಿ ಕೂತು ಚಿತ್ರ 3.6 ಇಂಚಿಗೆ ಇಳಿಯುತ್ತದೆ. ಟಿಕ್ ಇಟ್ಟೇ ಹಾಕಿದರೆ ಪಿಕ್ಸೆಲ್ ಹೆಚ್ಚುತ್ತದೆ ನಿಜ, ಆದರೆ ಹೊಸ ಚುಕ್ಕೆಗಳು ಹೂಜಿಯಿಂದ ಬಂದವಲ್ಲ. ಅಕ್ಕಪಕ್ಕದ ಚುಕ್ಕೆಗಳ ಬಣ್ಣ ನೋಡಿ ಸಾಫ್ಟ್‌ವೇರ್ ಊಹಿಸಿ ತುಂಬಿದವು. ಒರಟು ಮಣ್ಣಿನ ಕಣಗಳು ಇದ್ದ ಕಡೆ ಮೆತ್ತಗಿನ ಕಂದು ಬಣ್ಣ ಬರುತ್ತದೆ, ಹೂಜಿಯ ಅಂಚು ನೀರಿನಲ್ಲಿ ನೆನೆದಂತೆ ಕಾಣುತ್ತದೆ. ಸ್ವಲ್ಪ ಹಿಗ್ಗಿಸಿದರೆ ಕಣ್ಣಿಗೆ ಗೊತ್ತಾಗದೆ ಇರಬಹುದು. ಮೂರು ಪಟ್ಟಿಗಿಂತ ಜಾಸ್ತಿ ಹಿಗ್ಗಿಸಿದರೆ ಗೊತ್ತಾಗುತ್ತದೆ.

ಅಳತೆ ಕಳೆದುಹೋದದ್ದು ಲೆಕ್ಕ ಹಾಕಿದರೆ ಕಾಣುತ್ತದೆ. ಬೆಳಕು ಹೆಚ್ಚಿಸಿದಾಗ ಆದ ನಷ್ಟ ಅಷ್ಟು ಸುಲಭವಾಗಿ ಕಾಣುವುದಿಲ್ಲ, ಅದಕ್ಕೇ ಅದನ್ನು ಯಾರೂ ನಂಬುವುದಿಲ್ಲ. ಜೆಪೆಗ್‌ನಲ್ಲಿ ಪ್ರತಿ ಬಣ್ಣದ ಪ್ರಮಾಣ 0ಯಿಂದ 255ರವರೆಗೆ. 255ರ ಮೇಲೆ ಜಾಗ ಇಲ್ಲ. ಹೂಜಿಯ ಬಿಳಿ ಲೇಪದಲ್ಲಿ ಅಕ್ಕಪಕ್ಕದ ಮೂರು ಜಾಗಗಳು 230, 240, 250 ಇವೆ ಅಂದುಕೊಳ್ಳಿ. ಲೇಪ ಎಲ್ಲಿ ಬಾಗಿದೆ ಅಂತ ಕಣ್ಣಿಗೆ ಹೇಳುವುದು ಈ ಸಣ್ಣ ವ್ಯತ್ಯಾಸವೇ. ಎಲ್ಲಕ್ಕೂ 30 ಕೂಡಿಸಿ. 260, 270, 280 ಆಗಬೇಕು, ಆದರೆ ಮೂರೂ 255ಕ್ಕೆ ಹೋಗಿ ನಿಲ್ಲುತ್ತವೆ. ಸೇವ್ ಮಾಡಿ ಮುಚ್ಚಿ. ನಾಳೆ "ಜಾಸ್ತಿ ಆಯ್ತು" ಅನ್ನಿಸಿ 30 ಕಳೆದರೆ ಸಿಗುವುದು 225, 225, 225. ಬಾಗು ಹೋಯಿತು. ಈಗ ಅಲ್ಲಿರುವುದು ಒಂದು ಬೂದು ಪಟ್ಟಿ. ಸಾಫ್ಟ್‌ವೇರಿನ ಬ್ರೈಟ್‌ನೆಸ್ ಪಟ್ಟಿ ಇಷ್ಟು ನೇರವಾಗಿ ಕೂಡುವುದಿಲ್ಲ, ಹೊಸ ಆವೃತ್ತಿಗಳು ಸ್ವಲ್ಪ ನಾಜೂಕಾಗಿ ಮಾಡುತ್ತವೆ. ಆದರೂ ತುದಿ ಮುಟ್ಟಿದ್ದೆಲ್ಲ ಒಂದಾಗಿಬಿಡುವುದು ಮಾತ್ರ ತಪ್ಪುವುದಿಲ್ಲ.

ಇದರ ಮೇಲೆ ಜೆಪೆಗ್‌ನ ಸ್ವಂತ ನಷ್ಟ ಇದೆ. ಅದು ಚಿತ್ರವನ್ನು 8×8 ಪಿಕ್ಸೆಲ್‌ಗಳ ಮನೆಗಳಾಗಿ ಒಡೆದು, ಪ್ರತಿ ಮನೆಯ ಸಣ್ಣ ವಿವರಗಳನ್ನು ಒರಟಾಗಿ ಸುತ್ತಿ ಬರೆಯುತ್ತದೆ. ಸೇವ್ ಮಾಡಿದಾಗಲೆಲ್ಲ ಈ ಕೆಲಸ ಮತ್ತೆ ನಡೆಯುತ್ತದೆ. ಎಷ್ಟು ಹಾಳಾಗುತ್ತದೆ ಅನ್ನುವುದು ಕ್ವಾಲಿಟಿ ಸಂಖ್ಯೆಯ ಮೇಲೆ, ನಡುವೆ ಏನು ಬದಲಾಯಿಸಿದಿರಿ ಎಂಬುದರ ಮೇಲೆ ಹೋಗುತ್ತದೆ. ಸುಮ್ನೆ ತೆರೆದು ನೋಡಿ ಮುಚ್ಚಿದರೆ, ಅಥವಾ ಫೈಲನ್ನು ಕಾಪಿ ಮಾಡಿದರೆ, ಏನೂ ಆಗುವುದಿಲ್ಲ. ಕಾಪಿ ಮಾಡಿದರೂ ಕ್ವಾಲಿಟಿ ಕಮ್ಮಿಯಾಗುತ್ತದೆ ಅಂತ ಹೆದರುವವರಿದ್ದಾರೆ, ಆ ಹೆದರಿಕೆ ಬೇಡ. ಹಾಗೆಯೇ, ಹಾಳಾದ ಜೆಪೆಗ್ಗನ್ನು ಪಿಎನ್‌ಜಿ ಮಾಡಿದರೆ ಸರಿಹೋಗುತ್ತದೆ ಅನ್ನುವ ಆಸೆಯೂ ಬೇಡ. ಆ ಹಾಳಾದ ಚಿತ್ರವೇ ಇನ್ನೂ ದೊಡ್ಡ ಫೈಲಾಗಿ ಉಳಿಯುತ್ತದೆ ಅಷ್ಟೆ.

ಕೊನೆಗೆ ನಾವು ಏನು ಮಾಡಿದೆವು? ಇಂಚಿಗೆ 300ರಂತೆ 1080 ಪಿಕ್ಸೆಲ್ ಎಷ್ಟು ಅಗಲ ಬರುತ್ತದೋ ಅಷ್ಟಕ್ಕೇ, ಅಂದರೆ ಸುಮಾರು 9 ಸೆಂ.ಮೀ.ಗೆ ಹೂಜಿಯನ್ನು ಇಟ್ಟೆವು. ಉಳಿದ ಹಾಳೆಯನ್ನು ದೊಡ್ಡ ಅಕ್ಷರಗಳಿಗೆ ಬಿಟ್ಟೆವು. ಪೋಸ್ಟರ್ ಕೆಟ್ಟದಾಗಿರಲಿಲ್ಲ. ಆದರೆ ಆ ಮಣ್ಣಿನ ಒರಟುತನ ಹಾಳೆಯ ತುಂಬ ಕಾಣಬೇಕು ಅಂತ ಅವಳು ಆಸೆಪಟ್ಟಿದ್ದಳು. ಹೂಜಿ ಅಷ್ಟರಲ್ಲಿ ಮಾರಾಟವಾಗಿತ್ತು, ಮತ್ತೆ ಫೋಟೋ ತೆಗೆಯುವ ಹಾಗಿರಲಿಲ್ಲ. ನನಗೂ ಅವಳಷ್ಟೇ ಬೇಜಾರಾಯಿತು.

ಹಾಗಾದರೆ ಎತ್ತಿಡುವುದು ಹೇಗೆ? ಕಾರ್ಡಿನಿಂದ ಬಂದದ್ದನ್ನು ಪ್ರಾಜೆಕ್ಟ್ ಫೋಲ್ಡರಿನೊಳಗೆ `ORIGINAL` ಅನ್ನುವ ಬೇರೆ ಫೋಲ್ಡರಿಗೆ ಇಳಿಸಿ. ಕ್ಯಾಮೆರಾ ಕೊಟ್ಟ ಫೈಲ್ ಹೆಸರನ್ನು ಬದಲಾಯಿಸಬೇಡಿ. ಆಮೇಲೆ ಹುಡುಕುವಾಗ ಆ ಸಂಖ್ಯೆಯೇ ಸಹಾಯಕ್ಕೆ ಬರುತ್ತದೆ. ವಿಂಡೋಸ್‌ನಲ್ಲಿ ಆ ಫೈಲ್‌ಗಳನ್ನೆಲ್ಲ ಆರಿಸಿ, ರೈಟ್ ಕ್ಲಿಕ್ ಮಾಡಿ, `Properties`ನಲ್ಲಿ `Read-only` ಟಿಕ್ ಮಾಡಿ. ಮ್ಯಾಕ್‌ನಲ್ಲಿ `Get Info` ಒಳಗೆ `Locked` ಇದೆ. ಇಷ್ಟಾದರೆ, ಮರೆತು `Ctrl+S` ಒತ್ತಿದರೂ ಬಹುತೇಕ ಸಾಫ್ಟ್‌ವೇರ್‌ಗಳು ತಡೆದು ಬೇರೆ ಹೆಸರು ಕೇಳುತ್ತವೆ. ಕೈ ಅಭ್ಯಾಸದಿಂದ ಆಗುವ ತಪ್ಪನ್ನು ನೆನಪಿನ ಶಕ್ತಿಯಿಂದ ತಡೆಯುವುದಕ್ಕಿಂತ ಬೀಗ ಹಾಕುವುದೇ ಮೇಲು. ಆದರೆ `Read-only` ಇದ್ದರೂ ಫೈಲನ್ನು ಡಿಲೀಟ್ ಮಾಡಬಹುದು, ಡಿಸ್ಕ್ ಕೆಡಬಹುದು. ಆದ್ದರಿಂದ ಇನ್ನೊಂದು ಕಾಪಿ ಬೇರೆ ಡಿಸ್ಕಿನಲ್ಲಿ ಇರಲಿ.

"ಕ್ಲೌಡಿಗೆ ಸಿಂಕ್ ಆಗುತ್ತೆ ಮೇಡಂ" ಅನ್ನುತ್ತೀರಿ. ಸಿಂಕ್ ಅಂದರೆ ಇಲ್ಲಿ ಬದಲಾದದ್ದು ಅಲ್ಲೂ ಬದಲಾಗುತ್ತದೆ ಅಂತ. ಇಲ್ಲಿ 1080ಕ್ಕೆ ಇಳಿಸಿದರೆ ಅಲ್ಲೂ ಇಳಿಯುತ್ತದೆ. ಕೆಲವು ಸೇವೆಗಳು ಹಳೆಯ ಆವೃತ್ತಿಯನ್ನು ಸ್ವಲ್ಪ ಕಾಲ ಇಟ್ಟಿರುತ್ತವೆ. ತಪ್ಪು ಗೊತ್ತಾದ ಕೂಡಲೇ ಅಲ್ಲಿ ನೋಡಿ, ಆದರೆ ಅದನ್ನೇ ನಂಬಿ ಕೂರಬೇಡಿ.

ಕೆಲಸ ಮಾಡುವ ಫೈಲ್ ಬೇರೆ. ಫೋಟೋಶಾಪಿನ ಸ್ವಂತ ಫೈಲಾದ ಪಿಎಸ್‌ಡಿಯಲ್ಲಿ ಫೋಟೋವನ್ನು, ಮೂಲ ಪಿಕ್ಸೆಲ್‌ಗಳು ಒಳಗೆ ಹಾಗೇ ಉಳಿಯುವ ಸ್ಮಾರ್ಟ್ ಆಬ್ಜೆಕ್ಟ್ ಆಗಿ ಇಟ್ಟು, ಬೆಳಕನ್ನು ಫೋಟೋದ ಮೇಲೆ ಬೇರೆ ಪದರವಾಗಿ ಕೂರುವ ಅಡ್ಜಸ್ಟ್‌ಮೆಂಟ್ ಲೇಯರ್‌ನಲ್ಲಿ ಬದಲಾಯಿಸಿ. ಕ್ರಾಪ್ ಮಾಡುವಾಗ `Delete Cropped Pixels` ಟಿಕ್ ತೆಗೆದಿರಿ. ಇದರಿಂದ ಹಿಂದಕ್ಕೆ ಹೋಗುವ ದಾರಿ ಉಳಿಯುತ್ತದೆ. ಹಾಗಂತ ಪಿಎಸ್‌ಡಿಯೇ ಒರಿಜಿನಲ್ ಅಲ್ಲ. ಗಡಿಬಿಡಿಯಲ್ಲಿ ಫ್ಲಾಟನ್ ಮಾಡಿ ಸೇವ್ ಮಾಡಿದರೆ ಲೇಯರ್‌ಗಳೆಲ್ಲ ಒಂದಾಗಿ ಕೂತುಬಿಡುತ್ತವೆ.

ನಿಮ್ಮ ಹತ್ತಿರ ಇರುವುದು ಒರಿಜಿನಲ್ ಹೌದೋ ಅಲ್ಲವೋ ಅನ್ನುವ ಅನುಮಾನ ಬಂದರೆ ಮೊದಲು ಪಿಕ್ಸೆಲ್ ಅಳತೆ ನೋಡಿ. ಕ್ಯಾಮೆರಾ 6000×4000 ಕೊಡುವಾಗ ಫೈಲಿನಲ್ಲಿ 1080 ಅಂತ ಇದ್ದರೆ ಉತ್ತರ ಸಿಕ್ಕಿತು. ಹೆಸರು `IMG-20240315-WA0003.jpg` ಥರ ಇದ್ದರೆ ಅದು ವಾಟ್ಸಾಪಿನಿಂದ ಬಂದ, ಬಹುತೇಕ ಕುಗ್ಗಿದ ಕಾಪಿ. ಕಳಿಸಿದವರಿಗೆ ಡಾಕ್ಯುಮೆಂಟ್ ಆಗಿ ಮತ್ತೆ ಕಳಿಸಿ ಅನ್ನಿ. ಯಾವ ಬೆಳಕಿನ ಚುಕ್ಕೆಗಳು ಎಷ್ಟಿವೆ ಅಂತ ತೋರಿಸುವ ನಕ್ಷೆಯಾದ ಹಿಸ್ಟೋಗ್ರಾಂ ಬಾಚಣಿಗೆಯ ಹಲ್ಲಿನ ಹಾಗೆ ಸೀಳುಸೀಳಾಗಿದ್ದರೆ, ಬೆಳಕನ್ನು ಯಾರೋ ಆಗಲೇ ಎಳೆದಾಡಿರುವ ಸಾಧ್ಯತೆ ಜಾಸ್ತಿ.

ಕಾರ್ಡ್ ಫಾರ್ಮ್ಯಾಟ್ ಆದ ಮೇಲೆ ತಪ್ಪು ಗೊತ್ತಾದರೆ, ಆ ಕಾರ್ಡಿನಲ್ಲಿ ಇನ್ನೊಂದೂ ಫೋಟೋ ತೆಗೆಯಬೇಡಿ, ತಕ್ಷಣ ಹೊರಗೆ ತೆಗೆಯಿರಿ. ಮಾಮೂಲಿ ಫಾರ್ಮ್ಯಾಟಿನಲ್ಲಿ ಹಳೆಯ ಚಿತ್ರಗಳ ಮೇಲೆ ಹೊಸದು ಬರೆಯುವವರೆಗೆ ಅವು ಅಲ್ಲೇ ಇರುವುದುಂಟು. PhotoRec ಥರದ ಉಚಿತ ಸಾಫ್ಟ್‌ವೇರಿನಿಂದ ಹುಡುಕಿ. ಸಿಕ್ಕಿದ್ದನ್ನು ಅದೇ ಕಾರ್ಡಿಗೆ ಬರೆಯದೆ ಬೇರೆ ಡಿಸ್ಕಿಗೆ ಇಳಿಸಿ. ಸಿಕ್ಕೇ ಸಿಗುತ್ತದೆ ಅಂತ ಮಾತು ಕೊಡಲಾರೆ. ಸಿಕ್ಕರೂ ಫೈಲ್‌ಗಳ ಹಳೆಯ ಹೆಸರು ಇರುವುದಿಲ್ಲ, ಆದ್ದರಿಂದ ಪಿಕ್ಸೆಲ್ ಅಳತೆಯ ಪ್ರಕಾರ ಜೋಡಿಸಿಕೊಂಡು ದೊಡ್ಡವನ್ನು ಮೊದಲು ತೆರೆದು ನೋಡಿ.