ಹತ್ತು ದೊಡ್ಡ ಜಿಲ್ಲೆಗಳು: ಯಾವ ಲೆಕ್ಕದಲ್ಲಿ ದೊಡ್ಡವು?

ಎಫ್‌ಡಿಎ, ಪಿಡಿಒ, ಕೆಎಎಸ್ ಅಂತ ಓದುತ್ತಿರುವವರಿಗೆ ಅಣಕು ಪರೀಕ್ಷೆಗಳಲ್ಲಿ ಈ ಪ್ರಶ್ನೆ ಆಗಾಗ ಸಿಗುತ್ತದೆ: "ಕರ್ನಾಟಕದ ಹತ್ತು ದೊಡ್ಡ ಜಿಲ್ಲೆಗಳನ್ನು ಬರೆಯಿರಿ." ವಿಸ್ತೀರ್ಣದಲ್ಲೋ ಜನಸಂಖ್ಯೆಯಲ್ಲೋ ಅಂತ ಹೇಳಿರುವುದಿಲ್ಲ. ಈ ಟಿಪ್ಪಣಿಯಲ್ಲಿ ಅದೊಂದನ್ನೇ ಬಿಡಿಸಿ ನೋಡೋಣ. ನಮ್ಮ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಯಾಕೆಂದರೆ ಲೆಕ್ಕ ಬದಲಾದ ಕೂಡಲೇ ದಾವಣಗೆರೆ, ಚಿತ್ರದುರ್ಗ ಎರಡರಲ್ಲಿ ಒಂದು ಒಳಗೆ ಬರುತ್ತದೆ, ಇನ್ನೊಂದು ಹೊರಗೆ ಹೋಗುತ್ತದೆ.

ಇದೇ ವಿಷಯಕ್ಕೆ ದಾವಣಗೆರೆಯಲ್ಲಿ ನಾವು ಕೂತು ಓದುವ ಗುಂಪಿನಲ್ಲಿ ಜೋರು ವಾದ ಆಯಿತು. "ಚಿತ್ರದುರ್ಗ ಬಿಟ್ಟು ಹೆಂಗೆ ಬರೀತೀಯೋ? ಒಂಬತ್ತನೇದು ಅದು" ಅಂದ ಹಿರಿಯೂರಿನ ಗೆಳೆಯ. "ಒಂಬತ್ತನೇದು ದಾವಣಗೆರೆ ಕಣೋ. ದುರ್ಗ ಹದಿನೇಳನೇದು" ಅಂದ ಇನ್ನೊಬ್ಬ. ಇಬ್ಬರೂ ಹೇಳಿದ್ದು ಸರಿ. ಮೊದಲನೆಯವನು ವಿಸ್ತೀರ್ಣದ ಪಟ್ಟಿ ಓದಿದ್ದ, ಎರಡನೆಯವನು ಜನಸಂಖ್ಯೆಯ ಪಟ್ಟಿ ಓದಿದ್ದ.

ಈಗ ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಡೋಣ. ಅಂಕಿಗಳು 2011ರ ಜನಗಣತಿಯವು, ಆಗ ರಾಜ್ಯದಲ್ಲಿ 30 ಜಿಲ್ಲೆಗಳಿದ್ದವು.

ವಿಸ್ತೀರ್ಣದ ಪ್ರಕಾರ ಕ್ರಮ ಹೀಗಿದೆ: ಬೆಳಗಾವಿ, ಕಲಬುರಗಿ, ತುಮಕೂರು, ವಿಜಯಪುರ, ಉತ್ತರ ಕನ್ನಡ, ಶಿವಮೊಗ್ಗ, ಬಳ್ಳಾರಿ, ರಾಯಚೂರು, ಚಿತ್ರದುರ್ಗ, ಚಿಕ್ಕಮಗಳೂರು.

ಜನಸಂಖ್ಯೆಯ ಪ್ರಕಾರ: ಬೆಂಗಳೂರು ನಗರ, ಬೆಳಗಾವಿ, ಮೈಸೂರು, ತುಮಕೂರು, ಕಲಬುರಗಿ, ಬಳ್ಳಾರಿ, ವಿಜಯಪುರ, ದಕ್ಷಿಣ ಕನ್ನಡ, ದಾವಣಗೆರೆ, ರಾಯಚೂರು.

ಎರಡರಲ್ಲೂ ಇರುವ ಹೆಸರು ಆರು: ಬೆಳಗಾವಿ, ಕಲಬುರಗಿ, ತುಮಕೂರು, ವಿಜಯಪುರ, ಬಳ್ಳಾರಿ, ರಾಯಚೂರು. ಈ ಆರನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಆಮೇಲೆ ನೆನಪಿಡಬೇಕಾದ್ದು ಬರೀ ನಾಲ್ಕು ನಾಲ್ಕು. ವಿಸ್ತೀರ್ಣ ಅಂದರೆ ಉತ್ತರ ಕನ್ನಡ, ಶಿವಮೊಗ್ಗ, ಚಿತ್ರದುರ್ಗ, ಚಿಕ್ಕಮಗಳೂರು ಸೇರುತ್ತವೆ. ಜನಸಂಖ್ಯೆ ಅಂದರೆ ಬೆಂಗಳೂರು ನಗರ, ಮೈಸೂರು, ದಕ್ಷಿಣ ಕನ್ನಡ, ದಾವಣಗೆರೆ. ಮೊದಲ ನಾಲ್ಕರಲ್ಲಿ ಮೂರು ಮಲೆನಾಡು, ಕಾಡಿನ ಕಡೆಯವು. ನಮ್ಮ ದುರ್ಗವೊಂದೇ ಬಯಲುಸೀಮೆಯದು. ಅಲ್ಲಿ ಮಳೆ ಕಡಿಮೆ, ಊರುಗಳು ದೂರ ದೂರ. ಹಾಗಾಗಿ ನೆಲ ಜಾಸ್ತಿ, ಜನ ಕಡಿಮೆ. ಚದರ ಕಿಲೋಮೀಟರಿಗೆ ಚಿತ್ರದುರ್ಗದಲ್ಲಿ 197 ಜನ, ದಾವಣಗೆರೆಯಲ್ಲಿ 328. ಕಾರಣ ಗೊತ್ತಿದ್ದರೆ ಪಟ್ಟಿ ಬಾಯಿಪಾಠ ಮಾಡುವ ಕಷ್ಟ ಅರ್ಧ ಕಡಿಮೆಯಾಗುತ್ತದೆ.

ಪರೀಕ್ಷೆಯಲ್ಲಿ ಹೆಚ್ಚಿನವರಿಗೆ ಅಂಕ ಹೋಗುವುದು ಎರಡನ್ನೂ ಬೆರೆಸಿ ಬರೆದಾಗ. ಬೆಂಗಳೂರು ನಗರ ಮೊದಲು ಬರೆದಿರುತ್ತಾರೆ, ಏಳನೇ ಹೆಸರಿಗೆ ಬರುವಾಗ ನಕ್ಷೆ ಕಣ್ಣ ಮುಂದೆ ಬಂದು ಉತ್ತರ ಕನ್ನಡ ಸೇರಿಸಿಬಿಡುತ್ತಾರೆ. ಅಂಥ ಪಟ್ಟಿ ಯಾವ ಲೆಕ್ಕದಲ್ಲೂ ಸರಿಯಲ್ಲ. ಬೆಂಗಳೂರು ನಗರದ ವಿಸ್ತೀರ್ಣ ಸುಮಾರು 2,190 ಚದರ ಕಿಲೋಮೀಟರ್ ಅಷ್ಟೇ. ಉತ್ತರ ಕನ್ನಡ ಹತ್ತು ಸಾವಿರ ದಾಟುತ್ತದೆ, ಆದರೆ ಅಲ್ಲಿನ ಜನ 14 ಲಕ್ಷ ಚಿಲ್ಲರೆ. ಇವೆರಡೂ ಒಂದೇ ಪಟ್ಟಿಯಲ್ಲಿ ಕಂಡರೆ ಲೆಕ್ಕ ಬೆರಕೆಯಾಗಿದೆ ಅಂತಲೇ ತಿಳಿಯಿರಿ. ಬೇರೆಯವರ ನೋಟ್ಸ್ ನಕಲು ಮಾಡುವ ಮೊದಲು ಇದೊಂದನ್ನು ನೋಡಿದರೂ ಸಾಕು.

ಬಹು ಆಯ್ಕೆ ಪ್ರಶ್ನೆಯಾದರೆ ಇದೇ ಗುರುತು ಉಪಯೋಗಕ್ಕೆ ಬರುತ್ತದೆ. ಆಯ್ಕೆಗಳಲ್ಲಿ ಬೆಂಗಳೂರು ನಗರ ಮೇಲಿದ್ದರೆ ವಿಸ್ತೀರ್ಣ ಅಲ್ಲವೇ ಅಲ್ಲ. ಉತ್ತರ ಕನ್ನಡವೋ ಚಿಕ್ಕಮಗಳೂರೋ ಇದ್ದರೆ ಜನಸಂಖ್ಯೆ ಅಲ್ಲ. ಬೆಂಗಳೂರು ನಗರ ಮೇಲಿದ್ದು ತುಮಕೂರು, ಕಲಬುರಗಿ ಎರಡೂ ಕಾಣದಿದ್ದರೆ ಜನಸಾಂದ್ರತೆ ಇರಬಹುದು ಅಂತ ಯೋಚಿಸಿ. ಪ್ರಶ್ನೆ ಯಾವ ಅಧ್ಯಾಯದ ಕೆಳಗೆ ಬಂದಿದೆ ಅನ್ನುವುದೂ ಸುಳಿವು ಕೊಡುತ್ತದೆ: ಪ್ರಾಕೃತಿಕ ಭೂಗೋಳವಾದರೆ ವಿಸ್ತೀರ್ಣ, ಜನಗಣತಿಯ ಪಾಠವಾದರೆ ಜನಸಂಖ್ಯೆ.

ವಿವರಣೆ ಬರೆಯುವ ಪ್ರಶ್ನೆಯಲ್ಲಿ ಸುಳಿವು ಸಿಗದೇ ಹೋಗಬಹುದು. ಆಗ ಒಂದು ಲೆಕ್ಕ ಆರಿಸಿಕೊಂಡು ಅದನ್ನು ಉತ್ತರದ ಮೊದಲ ಸಾಲಿನಲ್ಲೇ ಹೇಳಬೇಕು. "2011ರ ಜನಗಣತಿಯ ಗಡಿಗಳಂತೆ, ವಿಸ್ತೀರ್ಣದ ಪ್ರಕಾರ" ಅಂತ ಬರೆದು ಹತ್ತು ಹೆಸರು ಕೊಡಿ. ಕೆಳಗೆ ಒಂದೇ ಸಾಲು ಸೇರಿಸಿ: "ಜನಸಂಖ್ಯೆಯ ಪ್ರಕಾರ ನೋಡಿದರೆ ಉತ್ತರ ಕನ್ನಡ, ಶಿವಮೊಗ್ಗ, ಚಿತ್ರದುರ್ಗ, ಚಿಕ್ಕಮಗಳೂರು ಬಿಟ್ಟುಹೋಗಿ ಬೆಂಗಳೂರು ನಗರ, ಮೈಸೂರು, ದಕ್ಷಿಣ ಕನ್ನಡ, ದಾವಣಗೆರೆ ಬರುತ್ತವೆ." ಎರಡು ಪೂರ್ತಿ ಪಟ್ಟಿ ಬರೆಯುವಷ್ಟು ಸಮಯ ಇರುವುದಿಲ್ಲ, ಅದರ ಅಗತ್ಯವೂ ಇಲ್ಲ. ತರಗತಿಯಲ್ಲಾದರೆ ಸುಮ್ನೆ ಊಹೆ ಮಾಡುತ್ತಾ ಕೂರಬೇಡಿ, "ಯಾವುದರ ಪ್ರಕಾರ ಸರ್?" ಅಂತ ಕೇಳಿಬಿಡಿ.

ಲೆಕ್ಕ ಯಾವುದು ಅಂತ ಹೇಳಿದ ಮೇಲೂ ಎಲ್ಲ ಸ್ಥಾನಗಳೂ ಒಂದೇ ಸಮ ಗಟ್ಟಿಯಾಗಿರುವುದಿಲ್ಲ. ವಿಸ್ತೀರ್ಣದ ಪಟ್ಟಿಯಲ್ಲಿ ಬೆಳಗಾವಿ 13,415 ಚದರ ಕಿಲೋಮೀಟರ್. ಎರಡನೆಯ ಕಲಬುರಗಿಗಿಂತ ಎರಡು ಸಾವಿರಕ್ಕೂ ಹೆಚ್ಚು ಮುಂದಿದೆ. ಅದರ ಸ್ಥಾನ ಅಲ್ಲಾಡುವುದಿಲ್ಲ. ಆದರೆ ಶಿವಮೊಗ್ಗ, ಬಳ್ಳಾರಿ, ರಾಯಚೂರು, ಚಿತ್ರದುರ್ಗ ನಾಲ್ಕೂ ಸುಮಾರು 8,440ರಿಂದ 8,480ರ ಒಳಗೇ ಇವೆ. ಒಂದೊಂದು ಪುಸ್ತಕದಲ್ಲಿ ಹತ್ತಾರು ಚದರ ಕಿಲೋಮೀಟರ್ ಆಚೀಚೆ ಇದ್ದರೂ ಆರರಿಂದ ಒಂಬತ್ತರವರೆಗಿನ ಕ್ರಮ ಬದಲಾಗುತ್ತದೆ. ಹಾಗಾಗಿ ಚಿತ್ರದುರ್ಗ ಹತ್ತರೊಳಗೆ ಇದೆ ಅನ್ನುವುದನ್ನು ಧೈರ್ಯವಾಗಿ ಹೇಳಬಹುದು. ಒಂಬತ್ತನೆಯದೇ ಅಂತ ಹಟ ಹಿಡಿಯುವಾಗ ಮಾತ್ರ ಯಾವ ಪಟ್ಟಿ ಅಂತಲೂ ಹೇಳಬೇಕು.

ಜನಸಂಖ್ಯೆಯಲ್ಲಿ ದಾವಣಗೆರೆಯ ಸ್ಥಾನ ಇದಕ್ಕಿಂತ ನಾಜೂಕು. 2011ರಲ್ಲಿ ದಾವಣಗೆರೆ ಜಿಲ್ಲೆಯ ಜನ 19,45,497, ರಾಯಚೂರಿನವರು 19,28,812. ಅಂತರ ಹದಿನೇಳು ಸಾವಿರಕ್ಕೂ ಕಡಿಮೆ. ಆ ಲೆಕ್ಕದಲ್ಲಿ ಹರಪನಹಳ್ಳಿ ತಾಲ್ಲೂಕೂ ಸೇರಿತ್ತು, ಅಲ್ಲಿ ಮೂರು ಲಕ್ಷದಷ್ಟು ಜನ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಬಳ್ಳಾರಿಯಿಂದ ಬಂದಿದ್ದ ಆ ತಾಲ್ಲೂಕು ಆಮೇಲೆ ಬಳ್ಳಾರಿಗೇ ವಾಪಸ್ ಹೋಯಿತು. 2021ರಲ್ಲಿ ಬಳ್ಳಾರಿಯೇ ಒಡೆದು ವಿಜಯನಗರ ಜಿಲ್ಲೆ ಆದಾಗ ಅದರೊಳಗೆ ಸೇರಿತು. ಈಗಿನ ಗಡಿಯಲ್ಲಿ ಅದೇ 2011ರ ತಲೆಎಣಿಕೆ ಹಾಕಿದರೆ ದಾವಣಗೆರೆಯಲ್ಲಿ ಉಳಿಯುವುದು ಸುಮಾರು 16.4 ಲಕ್ಷ. ಹತ್ತರೊಳಗೆ ಬರುವುದಿಲ್ಲ. ಎರಡು ಭಾಗವಾದ ಬಳ್ಳಾರಿಯೂ ಹೊರಗೆ ಬೀಳುತ್ತದೆ. ಕೆಳಗಿದ್ದ ಬಾಗಲಕೋಟೆ, ಧಾರವಾಡ ಒಳಗೆ ಬರುತ್ತವೆ. ವಿಸ್ತೀರ್ಣದ ಪಟ್ಟಿಯಲ್ಲೂ ಬಳ್ಳಾರಿ ಜಾಗ ಬಿಡುವುದರಿಂದ ಚಿತ್ರದುರ್ಗ ಒಂದು ಮೆಟ್ಟಿಲು ಮೇಲೇರುತ್ತದೆ.

ಅಂದರೆ ಪ್ರಶ್ನೆಯಲ್ಲಿ "ಜನಸಂಖ್ಯೆಯ ಪ್ರಕಾರ" ಅಂತ ಸ್ಪಷ್ಟವಾಗಿ ಕೊಟ್ಟಿದ್ದರೂ ಗಡಿ ಯಾವ ವರ್ಷದ್ದು ಅನ್ನುವುದು ಬಾಕಿ ಉಳಿಯುತ್ತದೆ. ಹೊಸ ಜನಗಣತಿಯ ಅಂಕಿಗಳು ಬರುವ ತನಕ ನೋಟ್ಸಿನಲ್ಲಿ ಪ್ರತಿ ಪಟ್ಟಿಯ ಮೇಲೆ ಮೂರು ವಿಷಯ ಬರೆದಿಟ್ಟುಕೊಳ್ಳಿ: ಯಾವ ಲೆಕ್ಕ, ಯಾವ ವರ್ಷದ ಅಂಕಿ, 30 ಜಿಲ್ಲೆಯ ಗಡಿಯೋ 31ರದ್ದೋ. ಹಳೆಯ ಗೈಡುಗಳಲ್ಲಿ ದಾವಣಗೆರೆ ಒಂಬತ್ತನೆಯದಾಗಿ ಕಂಡರೆ ಅದು 30 ಜಿಲ್ಲೆಯ ಲೆಕ್ಕ.